ಥರ್ಮೋಕಪಲ್, ಥರ್ಮಿಸ್ಟರ್, ಆರ್‌ಟಿಡಿ: ಬಿಸಿ ರೀಡಿಂಗ್ ಆಗೋದು ಹೇಗೆ?

ಪ್ರಶ್ನೆ: ಮೂರೂ ಬಿಸಿ ಅಳೆಯುತ್ತವೆ ಅಲ್ವಾ, ವ್ಯತ್ಯಾಸ ಏನು?

ಥರ್ಮೋಕಪಲ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಉಳಿದೆರಡು ಬಿಸಿಗೆ ತಮ್ಮ ರೆಸಿಸ್ಟೆನ್ಸ್ ಬದಲಿಸುತ್ತವೆ. ಅದನ್ನು ಓದಲು ಮೀಟರ್ರೇ ಸಣ್ಣ ಕರೆಂಟ್ ಹರಿಸಬೇಕು.

ಆರ್‌ಟಿಡಿಯಲ್ಲಿ ಹೆಚ್ಚಾಗಿ ಇರುವುದು ಪ್ಲಾಟಿನಂ ತಂತಿ. ಪಿಟಿ-100 ಎಂಬ ಬಗೆ ಆದರೆ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5. ನಿಧಾನವಾಗಿ, ನಂಬುವ ಹಾಗೆ ಏರುತ್ತದೆ. ಸಾಮಾನ್ಯ ಥರ್ಮಿಸ್ಟರ್ ಉಲ್ಟಾ: ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಸರ್ರನೆ ಇಳಿಯುತ್ತದೆ. ಎಸಿ, ಫ್ರಿಡ್ಜ್‌ಗೆ ಸಾಕು.

ತಲೆ ತಿನ್ನುವುದು ಥರ್ಮೋಕಪಲ್ಲೇ. ಎರಡು ಬೇರೆ ಲೋಹದ ತಂತಿ ಬೆಸೆದ ತುದಿಗೂ ಮೀಟರ್ ಕಡೆಯ ತುದಿಗೂ ಇರುವ ಬಿಸಿಯ ವ್ಯತ್ಯಾಸವನ್ನಷ್ಟೇ ಅದು ಹೇಳುತ್ತದೆ. ಕೆ-ಟೈಪ್ ಎಂಬ ಬಗೆಯ ಥರ್ಮೋಕಪಲ್‌ನಲ್ಲಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್. ಮೀಟರ್ ತನ್ನ ಜಾಗದ ಬಿಸಿ ಸೇರಿಸಿ ತೋರಿಸುತ್ತದೆ.

ಬಳ್ಳಾರಿ ಕಡೆಯ ಒಂದು ಸ್ಪಾಂಜ್ ಐರನ್ ಕಿಲ್ನ್‌ನಲ್ಲಿ ಯಾರೋ ಕೆ-ಟೈಪ್ ಥರ್ಮೋಕಪಲ್‌ನ ಕನೆಕ್ಷನ್ ಡಬ್ಬಿಯಿಂದ ಮೀಟರ್‌ವರೆಗೆ ಸುಮ್ನೆ ತಾಮ್ರದ ವೈರ್ ಎಳೆದಿದ್ದರು. ಕಿಲ್ನ್ ಪಕ್ಕದ ಆ ಡಬ್ಬಿ 70 ಡಿಗ್ರಿ, ಎಸಿ ರೂಮಿನ ಮೀಟರ್ 25. ನಡುವಿನ 45 ಡಿಗ್ರಿಗೆ ತಾಮ್ರ ವೋಲ್ಟೇಜ್ ಸೇರಿಸಲಿಲ್ಲ. 1000 ಇದ್ದದ್ದು 955ರ ಆಸುಪಾಸು ಕಾಣುತ್ತಿತ್ತು. ರಾತ್ರಿ ಡಬ್ಬಿ ತಣ್ಣಗಾದರೆ ತಪ್ಪೂ ಕಮ್ಮಿ! ಥರ್ಮೋಕಪಲ್ ತಂತಿಯ ಹಾಗೇ ವೋಲ್ಟೇಜ್ ಕೊಡುವ ಕೆ-ಟೈಪ್ ಕಾಂಪನ್ಸೇಟಿಂಗ್ ಕೇಬಲ್ ಹಾಕಿದ ಮೇಲೆ ಸರಿಹೋಯಿತು.