ಸ್ಕ್ಯಾನ್ ರೇಟು ಕೇಳುವಾಗ ಡೈ, ಫಿಲ್ಮ್ ಸೇರಿಸಿಯೇ ಕೇಳಿ

ಪ್ರಶ್ನೆ: ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಒಂದು ಸೆಂಟರ್‌ನಲ್ಲಿ 4,500, ಇನ್ನೊಂದರಲ್ಲಿ 7,000 ಹೇಳ್ತಾರೆ. ಯಾಕೆ ಇಷ್ಟು ವ್ಯತ್ಯಾಸ?

ಉತ್ತರ: ಮೊದಲು ಡಾಕ್ಟರ್ ಚೀಟಿ ನೋಡಿ. ಅದರಲ್ಲಿ CECT ಅಂತ ಇದ್ದರೆ ಕಾಂಟ್ರಾಸ್ಟ್ ಡೈ, ಅಂದರೆ ಒಳಗಿನ ಅಂಗಗಳು ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಲು ಕೊಡುವ ದ್ರವ ಬೇಕು. ಫೋನಿನಲ್ಲಿ ಹೇಳುವ ಕಡಿಮೆ ರೇಟು ಎಷ್ಟೋ ಸಲ ಡೈ ಇಲ್ಲದ ಪ್ಲೇನ್ ಸ್ಕ್ಯಾನ್‌ನದ್ದು.

ದೊಡ್ಡವರಿಗೆ ಸಾಮಾನ್ಯವಾಗಿ 80ರಿಂದ 100 ಎಂಎಲ್ ಅಯೋಡಿನ್ ಡೈ ನರಕ್ಕೆ ಕೊಡುತ್ತಾರೆ. ಅದು ಕಿಡ್ನಿ ಮೂಲಕ ಹೊರಹೋಗುವುದರಿಂದ ಮೊದಲೇ ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ. ಇತ್ತೀಚಿನ ರಿಪೋರ್ಟ್ ಇದ್ದರೆ ತೋರಿಸಿ, ಸುಮ್ನೆ ಮತ್ತೆ ದುಡ್ಡು ಯಾಕೆ?

ಲೆಕ್ಕ ಹೀಗಾಗಬಹುದು: ಸ್ಕ್ಯಾನ್ 4,500, ಡೈ 2,000, ಕ್ರಿಯಾಟಿನಿನ್ 300, ಫಿಲ್ಮ್ 500. ಒಟ್ಟು 7,300. ಆ 7,000ದಲ್ಲಿ ಇದೆಲ್ಲ ಸೇರಿದ್ದರೆ ಅದೇ ಅಗ್ಗ, ಅಲ್ವಾ?

ರೇಡಿಯಾಲಜಿಸ್ಟ್ ಬರೆಯುವ ರಿಪೋರ್ಟ್ ಸಾಮಾನ್ಯವಾಗಿ ರೇಟಿನಲ್ಲೇ ಬರುತ್ತದೆ. ಅರ್ಜೆಂಟ್ ಬೇಕೆಂದರೆ ಜಾಸ್ತಿ ಕೇಳಬಹುದು. ಫಿಲ್ಮ್ ಬೇಕೇ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ನನ್ನ ಪ್ರಕಾರ ಡೈಕಾಮ್ ಅನ್ನುವ ಕಂಪ್ಯೂಟರ್ ಫೈಲ್ ರೂಪದ ಚಿತ್ರಗಳ ಸಿಡಿ ಅಥವಾ ಲಿಂಕ್ ಮೇಲು. ಫಿಲ್ಮಿನಲ್ಲಿ ಆಯ್ದ ಚಿತ್ರಗಳಷ್ಟೇ ಇರುತ್ತವೆ, ಸಿಡಿಯಲ್ಲಿ ಪೂರ್ತಿ ಸ್ಕ್ಯಾನ್ ಸಿಗುತ್ತದೆ.

ಫೋನ್ ಮಾಡಿದಾಗ "ಡೈ, ಇಂಜೆಕ್ಟರ್ ಸಿರಿಂಜ್, ರಿಪೋರ್ಟ್, ಫಿಲ್ಮ್ ಎಲ್ಲ ಸೇರಿ ಎಷ್ಟು?" ಅಂತ ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.