‘ಕೃಪೆ: ಅಂತರ್ಜಾಲ’ ಅಂತ ಹಾಕಿದರೆ ಸಾಲದು

ಸಂಪಾದಕರೇ, ಕಬ್ಬನ್ ಪಾರ್ಕಿನ ಹಳೆ ಬಾವಿಗಳನ್ನು ಶುಚಿ ಮಾಡಿದ ಮಣ್ಣು ಒಡ್ಡರ ಬಗ್ಗೆ ಒಂದು ಇಂಗ್ಲಿಷ್ ಲೇಖನ ಓದಿದೆ. ಇಷ್ಟವಾಯಿತು, ಕನ್ನಡಕ್ಕೆ ತಂದು ಕಳಿಸಿದೆ. ಕೊನೆಯಲ್ಲಿ ‘ಕೃಪೆ: ಅಂತರ್ಜಾಲ’ ಅಂತಲೂ ಹಾಕಿದ್ದೆ. ಆದರೂ ನೀವು ತಡೆಹಿಡಿದಿದ್ದೀರಿ. ಬೇಕಾದರೆ ಲೇಖಕಿಯ ಹೆಸರನ್ನೂ ಸೇರಿಸೋಣ. ಒಳ್ಳೆ ವಿಷಯ ಕನ್ನಡದವರಿಗೂ ತಲುಪಲಿ ಅನ್ನೋದಷ್ಟೇ ನನ್ನ ಆಸೆ. ಇದರಲ್ಲಿ ತಪ್ಪೇನು?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ನಿಮ್ಮ ಅನುವಾದ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ತಡೆದದ್ದು ಭಾಷೆಗಾಗಿ ಅಲ್ಲ. ಹೆಸರು ಹಾಕುವುದು ಒಂದು ಕೆಲಸ, ಅನುಮತಿ ಕೇಳುವುದು ಇನ್ನೊಂದು. ಒಂದನ್ನು ಮಾಡಿದರೆ ಇನ್ನೊಂದು ತೀರಿಹೋಗುವುದಿಲ್ಲ.

1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಒಂದು ಬರಹವನ್ನು ಅನುವಾದ ಮಾಡುವ ಹಕ್ಕೂ ಅದರ ಮಾಲೀಕರದ್ದೇ. ದೊಡ್ಡ ಅಕ್ಷರದಲ್ಲಿ ಲೇಖಕಿಯ ಹೆಸರು ಹಾಕಿದರೂ, ಕೇಳದೆ ಅಚ್ಚು ಹಾಕಿದರೆ ಅದು ಕೇಳದೆ ಅಚ್ಚು ಹಾಕಿದ್ದೇ. ಪತ್ರಿಕೆಗಳಿಗೆ ಒಂದು ವಿನಾಯಿತಿ ಇದೆ, ನಿಜ. ಆರ್ಥಿಕ, ರಾಜಕೀಯ, ಸಾಮಾಜಿಕ, ಧಾರ್ಮಿಕ ವಿಷಯಗಳ ಪ್ರಚಲಿತ ಲೇಖನವನ್ನು ಇನ್ನೊಂದು ಪತ್ರಿಕೆ ಮರುಮುದ್ರಿಸಬಹುದು ಎಂದು 52ನೇ ಸೆಕ್ಷನ್ ಹೇಳುತ್ತದೆ. ಅನುವಾದಕ್ಕೂ ಅದು ಅನ್ವಯಿಸುತ್ತದೆ. ಆದರೆ ಲೇಖಕರು ಆ ಹಕ್ಕನ್ನು ತಮಗೇ ಇಟ್ಟುಕೊಂಡಿದ್ದೇವೆ ಎಂದು ಸ್ಪಷ್ಟವಾಗಿ ಹೇಳಿದ್ದರೆ ಆ ಬಾಗಿಲು ಮುಚ್ಚಿತು. ನೀವು ಆರಿಸಿದ ಲೇಖನದ ಅಡಿಯಲ್ಲೇ ಎಲ್ಲ ಹಕ್ಕುಗಳೂ ಕಾದಿರಿಸಲ್ಪಟ್ಟಿವೆ ಎಂಬ ಸಾಲಿದೆ. ಹೋಗಲಿ, ಹಳೆ ಬಾವಿಗಳ ಕಥೆ ‘ಪ್ರಚಲಿತ’ ವಿಷಯವೇ ಅನ್ನೋದೂ ವಾದಕ್ಕೆ ಬೀಳುವ ಮಾತು. ಇಷ್ಟು ತೆಳುವಾದ ಹಲಗೆ ಮೇಲೆ ನಾವು ಕಾಲಿಡುವುದಿಲ್ಲ.

ಕೆಲವು ಲೇಖನಗಳ ಕೆಳಗೆ CC BY ಎಂಬ ಗುರುತು ಇರುತ್ತದೆ. ಅದು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸಿನ ಗುರುತು, ಹೆಸರು ಹೇಳಿ ಬಳಸಿಕೊಳ್ಳಿ ಎಂದರ್ಥ. ಅದಿದ್ದರೆ ಕೇಳದೆಯೂ ಅನುವಾದಿಸಬಹುದು. ಹೆಸರು, ಮೂಲದ ಕೊಂಡಿ, ಲೈಸೆನ್ಸಿನ ಹೆಸರು, ಇದು ಅನುವಾದ ಎಂಬ ಮಾತು ಇಷ್ಟು ಕೊಡಬೇಕು. ಆದರೆ ಬಾಲದಲ್ಲಿ ND ಇದೆಯಾ ನೋಡಿ. CC BY-ND ಆದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ. ಅನುವಾದವೂ ಬದಲಾದ ರೂಪವೇ. ಈ ಎರಡಕ್ಷರ ನೋಡದೆ ಕಳಿಸುವವರು ಜಾಸ್ತಿ.

ಹಾಗಾದರೆ ಯಾರನ್ನು ಕೇಳಬೇಕು? ಲೇಖಕಿ ಆ ಪತ್ರಿಕೆಯ ಸಂಬಳದ ನೌಕರರಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಹೊರಗಿನಿಂದ ಬರೆಯುವವರಾದರೆ ಸಾಮಾನ್ಯವಾಗಿ ಹಕ್ಕು ಅವರದೇ, ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರೆ ಬೇರೆ. ಹೊರಗಿನವರಿಗೆ ಇದು ಗೊತ್ತಾಗುವುದು ಹೇಗೆ? ಗೊತ್ತಾಗಲ್ಲ. ಅದಕ್ಕೇ ಲೇಖಕಿಗೂ ಸಂಪಾದಕರಿಗೂ ಒಂದೇ ಮೇಲ್ ಹಾಕಿ. ಪೂರ್ತಿ ಅನುವಾದವೋ ಸಂಕ್ಷೇಪವೋ, ಯಾವ ಪತ್ರಿಕೆಗೆ, ಮುದ್ರಣಕ್ಕೆ ಮಾತ್ರವೋ ಜಾಲತಾಣಕ್ಕೂ ಸೇರಿಯೋ, ಚಿತ್ರಗಳೂ ಬೇಕೋ, ಇಷ್ಟನ್ನೂ ಬರೆಯಿರಿ. ‘ನಿಮ್ಮ ಲೇಖನ ಬಳಸಿಕೊಳ್ಳಬಹುದಾ’ ಅಂತ ಸುಮ್ನೆ ಕೇಳಿದರೆ ಉತ್ತರವೂ ಅಷ್ಟೇ ಮಸುಕಾಗಿ ಬರುತ್ತದೆ. ಅನುಮತಿ ಬರಹದಲ್ಲೇ ಇರಬೇಕು, ಫೋನಿನಲ್ಲಿ ‘ಆಗಲಿ’ ಅಂದದ್ದು ನಡೆಯುವುದಿಲ್ಲ. ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಲೆಕ್ಕ ಹಾಕುತ್ತದೆ. ಮುಂದೆ ನಿಮ್ಮ ಅನುವಾದಗಳನ್ನು ಪುಸ್ತಕ ಮಾಡುವ ಯೋಚನೆ ಇದ್ದರೆ ಅದನ್ನೂ ಈಗಲೇ ಕೇಳಿಬಿಡಿ.

ಚಿತ್ರಗಳ ವಿಷಯ ಬೇರೆ. ಆ ಫೋಟೋ ತೆಗೆದವರು ಇನ್ನೊಬ್ಬರು, ಅವರ ಹೆಸರು ಅಡಿಯಲ್ಲೇ ಇದೆ. ಲೇಖಕಿ ಒಪ್ಪಿದರೆ ಫೋಟೋ ಸಿಕ್ಕಿತು ಅಂತಲ್ಲ.

ಈಗ ಹೆಸರಿನ ಮಾತು. ಅಂತರ್ಜಾಲ ಏನನ್ನೂ ಬರೆದಿಲ್ಲ, ಅದಕ್ಕೆ ಕೃಪೆ ಸಲ್ಲಿಸುವುದೇಕೆ? ನೀವು ಹಾಕಿದ ಸಾಲಿನಿಂದ ಮೂಲವನ್ನು ಹುಡುಕಲು ಯಾರಿಂದಲೂ ಆಗದು. ಇನ್ನೊಂದು, ಶೀರ್ಷಿಕೆಯ ಕೆಳಗೆ ನಿಮ್ಮ ಹೆಸರೊಂದೇ ಇದೆ. ಓದುವವರಿಗೆ ಒಡ್ಡರ ಜೊತೆ ಬಾವಿಗಿಳಿದು ಮಾತಾಡಿಸಿದ್ದು ನೀವೇ ಅನ್ನಿಸುತ್ತದೆ. ಕೊನೆಯ ಸಾಲು ಪುಟದಲ್ಲಿ ಜಾಗ ಸಾಲದೆ ಮೊದಲು ಹಾರುವ ಸಾಲು, ವಾಟ್ಸಾಪಿನಲ್ಲಿ ಹಂಚುವಾಗಲೂ ಮೊದಲು ಉದುರುವುದು ಅದೇ. ಅದಕ್ಕೆ ಇಬ್ಬರ ಹೆಸರೂ ಶೀರ್ಷಿಕೆಯ ಕೆಳಗೇ ಇರಲಿ: ಮೊದಲು ಲೇಖಕಿಯ ಹೆಸರು, ಅದರಡಿ ‘ಕನ್ನಡಕ್ಕೆ’ ಎಂದು ನಿಮ್ಮ ಹೆಸರು. ಕೊನೆಯಲ್ಲಿ ಈ ಟಿಪ್ಪಣಿ ಬರಲಿ:

‘ಇಂಗ್ಲಿಷ್ ಮೂಲ: (ಲೇಖನದ ಹೆಸರು), (ಪತ್ರಿಕೆ), (ತಿಂಗಳು, ವರ್ಷ). ಲೇಖಕರ ಹಾಗೂ ಪ್ರಕಾಶಕರ ಅನುಮತಿಯೊಂದಿಗೆ. ಕನ್ನಡದಲ್ಲಿ ಸಂಕ್ಷೇಪಿಸಲಾಗಿದೆ.’

ಕೊನೆಯ ವಾಕ್ಯ ನಿಮ್ಮ ಲೇಖನಕ್ಕೆ ಬೇಕೇ ಬೇಕು. ಮೂಲದ ನಡುವೆ ಎರಡು ಪ್ಯಾರಾ ಬಿಟ್ಟಿದ್ದೀರಿ. ಅಂತರ್ಜಲದ ಬಗ್ಗೆ ನಿಮ್ಮದೇ ಒಂದು ಪ್ಯಾರಾ ಸೇರಿಸಿದ್ದೀರಿ. ಅದು ಒಳ್ಳೆ ಪ್ಯಾರಾ, ಆದರೆ ಈಗ ಅದು ಲೇಖಕಿ ಹೇಳಿದ್ದು ಅನ್ನಿಸುತ್ತದೆ. ಅದರಲ್ಲಿ ಲೆಕ್ಕ ತಪ್ಪಿದ್ದರೆ ಬೈಗುಳ ಅವರಿಗೆ. ಚೌಕ ಕಂಸದಲ್ಲಿ ಹಾಕಿ, ಕೊನೆಗೆ ‘–ಅನು.’ ಎಂದು ಬರೆಯಿರಿ. ತಮ್ಮ ಬರಹವನ್ನು ತಮ್ಮ ಹೆಸರು ಕೆಡುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕು 57ನೇ ಸೆಕ್ಷನ್ನಿನಲ್ಲಿ ಲೇಖಕರಿಗಿದೆ. ಕಾಪಿರೈಟನ್ನೇ ಮಾರಿದ್ದರೂ ಆ ಹಕ್ಕು ಅವರ ಬಳಿಯೇ ಉಳಿಯುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ಒಂದು ಜಾಗ. ವಯಸ್ಸಾದ ಬಾವಿ ತೋಡುವವರೊಬ್ಬರ ಮಾತನ್ನು ನೀವು ಉದ್ಧರಣ ಚಿಹ್ನೆಯೊಳಗೆ ಹೀಗೆ ಕೊಟ್ಟಿದ್ದೀರಿ: ‘ಭೂಮಿಯು ನಮಗೆ ನೀರಿನ ಸುಳಿವನ್ನು ನೀಡುತ್ತದೆ.’ ಅಷ್ಟು ವರ್ಷ ಮಣ್ಣು ಅಗೆದ ಮನುಷ್ಯ ಹೀಗೆ ಮಾತಾಡ್ತಾರಾ? ಅವರು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಲೇಖಕಿ ಇಂಗ್ಲಿಷಿಗೆ ತಂದಿರಬೇಕು. ನೀವು ಅದನ್ನು ಮತ್ತೆ ಕನ್ನಡಕ್ಕೆ ತಂದಿರಿ. ಈಗ ಚಿಹ್ನೆಯೊಳಗಿರುವುದು ಅವರು ಯಾವತ್ತೂ ಆಡದ ಮಾತು. ಬೆಂಗಳೂರಿನ ಲೇಖನಗಳಲ್ಲಿ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಇಂಗ್ಲಿಷಿನಲ್ಲಿ ಅಚ್ಚಾಗುವ ಎಷ್ಟೋ ಮಾತು ಮೊದಲು ಕನ್ನಡದಲ್ಲೇ ಹುಟ್ಟಿರುತ್ತದೆ. ಅದನ್ನು ಆಡುಮಾತಿಗೆ ತಿರುಗಿಸಿ ಸಹಜ ಮಾಡೋಣ ಅಂತೀರೇನೋ. ಬೇಡ, ಅದೂ ಊಹೆಯೇ. ಮೂಲ ಧ್ವನಿಮುದ್ರಣವೋ ಟಿಪ್ಪಣಿ ಪುಸ್ತಕವೋ ಇದ್ದರೆ ಆ ಮಾತನ್ನು ಇದ್ದ ಹಾಗೇ ಕೊಡಿ ಎಂದು ಲೇಖಕಿಯನ್ನು ಕೇಳಿ. ಸಿಗದಿದ್ದರೆ ಚಿಹ್ನೆ ತೆಗೆದು, ಮಣ್ಣು ನೋಡಿಯೇ ನೀರಿನ ಸುಳಿವು ಸಿಗುತ್ತದೆ ಎನ್ನುತ್ತಾರೆ ಅವರು, ಅಂತ ನಿಮ್ಮ ವಾಕ್ಯವಾಗಿ ಬರೆಯಿರಿ.

ಅನುಮತಿ ಸಿಗದೇ ಹೋದರೆ? ಸಂಗತಿಗಳಿಗೆ ಕಾಪಿರೈಟ್ ಇಲ್ಲ. ಕಬ್ಬನ್ ಪಾರ್ಕ್ ನಿಮ್ಮ ರಾಜಾಜಿನಗರದಿಂದ ಮೆಟ್ರೊದಲ್ಲೇ ಹೋಗಿಬರುವಷ್ಟು ದೂರ. ಹೋಗಿ ಬಾವಿ ನೋಡಿ, ಆ ಜನರನ್ನು ನೀವೇ ಮಾತಾಡಿಸಿ, ನಿಮ್ಮದೇ ಲೇಖನ ಬರೆಯಿರಿ. ಇಂಗ್ಲಿಷ್ ಲೇಖನದಿಂದ ಪಡೆದ ಮಾಹಿತಿಗೆ ಅಲ್ಲಲ್ಲೇ ಅದರ ಹೆಸರು ಹೇಳಿ. ಆದರೆ ಅದೇ ಪ್ಯಾರಾಗಳ ಅದೇ ಸಾಲು, ಅದೇ ಉದಾಹರಣೆ, ಅದೇ ಮಾತುಗಳನ್ನು ಇಟ್ಟುಕೊಂಡು ‘ಆಧಾರಿತ’ ಎಂಬ ಚೀಟಿ ಅಂಟಿಸಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅದು ಅನುವಾದವೇ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ನಿಮ್ಮ ಹಸ್ತಪ್ರತಿ ಗುರುತು ಹಾಕಿ ವಾಪಸ್ ಕಳಿಸಿದ್ದೇನೆ. ಮೇಲ್‌ಗೆ ಉತ್ತರ ಬಂದ ಮೇಲೆ ಅದರ ಪ್ರತಿಯನ್ನೂ ಲಗತ್ತಿಸಿ ಮತ್ತೆ ಕಳಿಸಿ. ಹದಿನೈದು ದಿನಕ್ಕೂ ಉತ್ತರ ಬರದಿದ್ದರೆ ಹೇಳಿ, ಪತ್ರಿಕೆಯ ಕಡೆಯಿಂದ ನಾನೇ ಒಂದು ಪತ್ರ ಬರೆಯುತ್ತೇನೆ.

– ಸಂ.