ದೆಹಲಿಯ ಚಳಿಗಾಲದಲ್ಲಿ ನಸುಕಿನ ಓಟ ಬೇಡ

ಪ್ರಶ್ನೆ: ನಾನು ಮೈಸೂರಿನವನು. ಡಿಸೆಂಬರ್‌ನಲ್ಲಿ ಕೆಲಸಕ್ಕೆ ದೆಹಲಿಗೆ ಹೋಗುತ್ತಿದ್ದೇನೆ. ಟ್ರಾಫಿಕ್ ಶುರುವಾಗುವ ಮೊದಲೇ, ಬೆಳಿಗ್ಗೆ 5ಕ್ಕೆ ಓಡಿದರೆ ಹೊಗೆ ತಪ್ಪಿಸಬಹುದಾ? ಯಾವ ಮಾಸ್ಕ್ ತಗೊಳ್ಳಲಿ?

ಮಾಸ್ಕ್ ಮಾತು ಆಮೇಲೆ. ಮೊದಲು ಆ 5 ಗಂಟೆಯನ್ನು ಬಿಡಿ.

ನಾನು ಕುಕ್ಕರಹಳ್ಳಿ ಕೆರೆ ಸುತ್ತ ನಸುಕಿನಲ್ಲಿ ಓಡಿ ಬೆಳೆದವನು. ದೆಹಲಿಯಲ್ಲೂ ಅದೇ ಹೊತ್ತಿಗೆ ಏಳುತ್ತಿದ್ದೆ. ರಸ್ತೆ ಖಾಲಿ, ಗಾಳಿ ತಣ್ಣಗೆ, ಹಾಗಾಗಿ ಶುದ್ಧ ಅಂದುಕೊಂಡೆ. ಜನವರಿ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಎದೆ ಸುಯ್‌ಗುಟ್ಟುತ್ತಿತ್ತು. ಡಾಕ್ಟರ್ ಇನ್‌ಹೇಲರ್ ಕೊಟ್ಟರು. ಇವತ್ತಿಗೂ ಅದನ್ನು ಬಿಡೋಕೆ ಆಗಿಲ್ಲ.

ಹೊಗೆ ಎಷ್ಟು ಹುಟ್ಟುತ್ತೆ ಅಂತ ಮಾತ್ರ ಲೆಕ್ಕ ಹಾಕಿದ್ದೆ. ಹುಟ್ಟಿದ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಲೇ ಇಲ್ಲ. ಮಂಡ್ಯ ಕಡೆ ಚಳಿಗಾಲದ ಬೆಳಿಗ್ಗೆ ಆಲೆಮನೆ ಹೊಗೆ ನೋಡಿದ್ದೀರಲ್ವಾ? ಸ್ವಲ್ಪ ಮೇಲೆದ್ದು, ಅಲ್ಲೇ ಅಡ್ಡಡ್ಡ ಹರಡಿ ಕಬ್ಬಿನ ಗದ್ದೆ ಮೇಲೆ ನಿಂತುಬಿಡುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲಿನ ಗಾಳಿ ಬೆಚ್ಚಗೇ ಇರುತ್ತದೆ. ತಣ್ಣನೆಯ ಗಾಳಿ ಭಾರ, ಮೇಲೇಳುವುದಿಲ್ಲ. ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಇದಕ್ಕೆ ಉಷ್ಣತಾ ವಿಲೋಮ ಅನ್ನುತ್ತಾರೆ.

ಈಗ ಲೆಕ್ಕ ನೋಡಿ. ಮಧ್ಯಾಹ್ನ ಹೊಗೆ 1000 ಮೀಟರ್ ಎತ್ತರದವರೆಗೆ ಬೆರೆಯುತ್ತಿದೆ ಅಂದುಕೊಳ್ಳಿ. ರಾತ್ರಿ ಆ ಎತ್ತರ 100 ಮೀಟರ್‌ಗೆ ಇಳಿದರೆ ಅಷ್ಟೇ ಹೊಗೆ 10 ಪಟ್ಟು ದಟ್ಟವಾಗುತ್ತದೆ. ದೆಹಲಿಯಲ್ಲಿ ದೊಡ್ಡ ಲಾರಿಗಳು ಊರೊಳಗೆ ಬರುವುದೇ ರಾತ್ರಿ. ನಾನು ಓಡಿದ್ದು ಖಾಲಿ ರಸ್ತೆಯಲ್ಲಿ, ಆದರೆ ರಾತ್ರಿಯಿಡೀ ಸೇರಿಕೊಂಡ ಹೊಗೆಯೊಳಗೆ. ಬಿಸಿಲು ಬಂದ ತಕ್ಷಣವೂ ಸರಿಹೋಗುವುದಿಲ್ಲ. ನೆಲ ಕಾದು ಗಾಳಿ ಕಲಕಿದಾಗ ಮೇಲೆ ನಿಂತಿದ್ದ ಹೊಗೆ ಮೊದಲು ಕೆಳಗಿಳಿಯುತ್ತದೆ, ಆಮೇಲೆ ಚದುರುತ್ತದೆ.

ನಮ್ಮಲ್ಲಿ ಬಿಸಿಲು ಚುರುಕು, ಮುಚ್ಚಳ ಬೇಗ ಒಡೆಯುತ್ತದೆ. ಹೊಗೆಯೂ ಕಮ್ಮಿ. ದೆಹಲಿಯಲ್ಲಿ ಚಳಿಗಾಲದ ಗಾಳಿ ಮೆಲ್ಲಗೆ ಪಂಜಾಬ್, ಹರಿಯಾಣ ದಾಟಿ, ಅಲ್ಲಿನ ಹೊಗೆಯನ್ನೂ ಹೊತ್ತು ಬರುತ್ತದೆ. ಉತ್ತರಕ್ಕೆ ಹಿಮಾಲಯ ಅಡ್ಡ. ಬಯಲಿನ ಹೊಗೆಗೆ ಆ ಕಡೆ ದಾರಿಯಿಲ್ಲ.

ಓಡಲೇಬೇಕು ಅಂದರೆ ಮಧ್ಯಾಹ್ನ 2ರಿಂದ 4ರೊಳಗೆ ಓಡಿ. ಆಫೀಸ್ ಇದ್ದರೆ ರಜಾ ದಿನ ಸಾಕು. ಗಾಳಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಸರ್ಕಾರಿ ಸಮೀರ್ ಆಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ಒಂದನ್ನೇ ನಂಬಬೇಡಿ, ಅದರಲ್ಲಿ ಧೂಳಿನ ಕಣಗಳ ಲೆಕ್ಕ 24 ಗಂಟೆಗಳ ಸರಾಸರಿ. ಹತ್ತಿರದ ಗಾಳಿ ಅಳೆಯುವ ಕೇಂದ್ರದಲ್ಲಿ ಆ ಗಂಟೆಯ PM2.5, ಅಂದರೆ ಅತಿ ಸಣ್ಣ ಕಣಗಳು, ಎಷ್ಟು ಅಂತ ನೋಡಿ. ಮಧ್ಯಾಹ್ನವಾದರೂ ಮಂಜು ಕರಗದಿದ್ದರೆ ಮುಚ್ಚಳ ಇನ್ನೂ ಒಡೆದಿಲ್ಲ ಅಂತ ಅರ್ಥ. ಅವತ್ತು ಓಟ ಬೇಡ. ಎನ್95 ಮಾಸ್ಕ್ ಆಫೀಸಿಗೆ ಹೋಗಿಬರೋಕೆ ಇರಲಿ. ಓಡುವಾಗ ಏದುಸಿರಿಗೆ ಅದನ್ನು ನೀವೇ ಕೆಳಗೆಳೆದುಕೊಳ್ಳುತ್ತೀರಿ.